ಎಂಬತ್ತು ಗ್ರಾಮಿನ ಬೆಲೆ

ಒಂದೇ ಬೀದಿಯ ಎರಡು ಅಂಗಡಿಗಳಲ್ಲಿ ಒಂದೇ ದರ್ಜೆಯ ತೊಗರಿಬೇಳೆ ಒಂದೆಡೆ ಕಿಲೋವಿಗೆ 140 ರೂಪಾಯಿಯಂತೆಯೂ ಮತ್ತೊಂದೆಡೆ 150 ರೂಪಾಯಿಯಂತೆಯೂ ಬಿಕರಿಯಾಗುತ್ತಿದ್ದರೆ, ಗೃಹಸ್ಥನಾದವನು ಯಾವ ಅಂಗಡಿಯ ಮೆಟ್ಟಿಲನ್ನು ಹತ್ತುವನೆಂಬುದನ್ನು ಹೇಳುವುದಕ್ಕೆ ಜ್ಯೋತಿಷ್ಯವೇನೂ ಬೇಕಾಗಿಲ್ಲ. ಆದರೆ ಆ ಅಗ್ಗದ ಅಂಗಡಿಯ ತಕ್ಕಡಿ ಕಿಲೋವಿಗೆ 80 ಗ್ರಾಂ ಕಡಿಮೆ ತೂಗುತ್ತದೆಂಬ ಸಂಗತಿ, ಅಲ್ಲಿಂದ ತಂದ ಬೇಳೆಯನ್ನು ಬೇರೆಡೆಯ ನಂಬಿಕೆಯ ತಕ್ಕಡಿಯಲ್ಲಿ ಎರಡು ಮೂರು ಬಾರಿ ಇಟ್ಟು ನೋಡಿದ ಮೇಲೆ ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿದುಬಂದಿದೆಯೆಂದು ಇಟ್ಟುಕೊಳ್ಳೋಣ. ಮೋಸದ ನೈತಿಕ ವಿಚಾರವನ್ನು ಕುರಿತು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನಿಲ್ಲಿ ಎತ್ತಿಕೊಂಡಿರುವುದು ಕೇವಲ ಲೆಕ್ಕದ ಪ್ರಶ್ನೆ. ಅಂಗಡಿಯ ಹಲಗೆಯ ಮೇಲೆ ಬರೆದಿರುವ 140 ರೂಪಾಯಿ, ಗಿರಾಕಿಯ ಕೈಚೀಲದೊಳಗೆ ಬಂದು ಬಿದ್ದ ಬೇಳೆಯ ಪ್ರಮಾಣದಲ್ಲಿ ನೋಡಿದರೆ, ಎಷ್ಟು ರೂಪಾಯಿಯಾಯಿತು?

ಈ ಪ್ರಶ್ನೆಯನ್ನು ಹತ್ತು ಮಂದಿಯ ಮುಂದಿಟ್ಟರೆ ಬಹುಪಾಲು ಮಂದಿ ಬಾಯಿಲೆಕ್ಕದಲ್ಲಿಯೇ ಉತ್ತರ ಹೇಳಿಬಿಡುತ್ತಾರೆ. ಸಾವಿರದಲ್ಲಿ 80 ಎಂದರೆ ನೂರಕ್ಕೆ ಎಂಟು. 140 ರೂಪಾಯಿಗೆ ನೂರಕ್ಕೆ ಎಂಟರಂತೆ 11 ರೂಪಾಯಿ 20 ಪೈಸೆ. ಅದನ್ನು ಕೂಡಿಸಿದರೆ 151 ರೂಪಾಯಿ 20 ಪೈಸೆ. ಕೇಳುವುದಕ್ಕೆ ನ್ಯಾಯಸಮ್ಮತವಾಗಿಯೇ ತೋರುವ ಈ ಉತ್ತರ ಸರಿಯಲ್ಲ. ಎಷ್ಟು ಕಡಿಮೆಯಾಯಿತೆಂಬುದನ್ನು ಅಳೆಯುವಾಗ ನಾವು ಸಾವಿರ ಗ್ರಾಮನ್ನು ಆಧಾರವಾಗಿಟ್ಟುಕೊಂಡೆವು. ಆದರೆ ಹಣವನ್ನು ತೆತ್ತದ್ದು ಸಾವಿರ ಗ್ರಾಮಿಗಲ್ಲ, ಕೈಗೆ ಬಂದ 920 ಗ್ರಾಮಿಗೆ. ಬಾರದೆ ಹೋದ 80 ಗ್ರಾಮಿನ ಹಣದ ಭಾರವನ್ನು ಹೊರಬೇಕಾದದ್ದು ಬಂದಿರುವ ಆ 920 ಗ್ರಾಮೇ ಹೊರತು ಬಾರದ ಗ್ರಾಮುಗಳಲ್ಲ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ 80 ಎಂಬುದು ಸಾವಿರದಲ್ಲಿ ಎಷ್ಟನೆಯ ಪಾಲು ಎಂಬುದಲ್ಲ, 920ರಲ್ಲಿ ಎಷ್ಟನೆಯ ಪಾಲು ಎಂಬುದು. ಅದು ನೂರಕ್ಕೆ ಎಂಟಲ್ಲ, ಸುಮಾರು 8.7. ಹಾಗೆಂದಮೇಲೆ 140 ರೂಪಾಯಿಯನ್ನು 0.92ರಿಂದ ಭಾಗಿಸಬೇಕು, ಬರುವ ಫಲ 152 ರೂಪಾಯಿ 17 ಪೈಸೆ. ಅಗ್ಗದ ಅಂಗಡಿ ಎದುರಿನ ಅಂಗಡಿಗಿಂತ ಕಿಲೋವಿಗೆ ಎರಡು ರೂಪಾಯಿ ಚಿಲ್ಲರೆ ದುಬಾರಿಯೆಂಬುದು ಇದರಿಂದ ಸಿದ್ಧವಾಯಿತು.

ಗುಣಿಸಬೇಕಾದಲ್ಲಿ ಭಾಗಿಸುವ ಈ ಲೆಕ್ಕ ನಮಗೆ ಹೊಸದೇನೂ ಅಲ್ಲ. 12ನೆಯ ಶತಮಾನದ ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ತ್ರೈರಾಶಿಯನ್ನು ಹೇಳಿದ ಬಳಿಕ ವ್ಯಸ್ತ ತ್ರೈರಾಶಿಯೆಂಬುದನ್ನೂ ಹೇಳಿ, ಅದಕ್ಕೆ ಉದಾಹರಣೆಯಾಗಿ ಒಂದು ಧಾನ್ಯದ ರಾಶಿಯನ್ನು ಮುಂದಿಟ್ಟಿದ್ದಾರೆ. ಏಳು ಆಢಕ ಹಿಡಿಯುವ ಮಾನದಿಂದ ಅಳೆದಾಗ ಆ ರಾಶಿ ನೂರು ಮಾನವಾಗುತ್ತದೆ. ಅದನ್ನೇ ಐದು ಆಢಕ ಹಿಡಿಯುವ ಮಾನದಿಂದ ಅಳೆದರೆ ಎಷ್ಟಾದೀತು? ಉತ್ತರ 140. ಮಾನ ಚಿಕ್ಕದಾದಷ್ಟೂ ಮಾನಗಳ ಸಂಖ್ಯೆ ದೊಡ್ಡದಾಗುತ್ತದೆ, ರಾಶಿ ಮಾತ್ರ ಇದ್ದಷ್ಟೇ ಇರುತ್ತದೆ. ನಮ್ಮ ಬೇಳೆಯ ಅಂಗಡಿಯವನೂ ಬೇರೇನನ್ನೂ ಮಾಡಿಲ್ಲ. ಸಾವಿರ ಗ್ರಾಮಿನ ಮಾನವನ್ನು 920 ಗ್ರಾಮಿನದಾಗಿ ಕುಗ್ಗಿಸಿ ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದಾನೆ. ನಿಜವಾದ ಒಂದು ಕಿಲೋ ಬೇಳೆ ಅವನ ಕಿಲೋಗಳಲ್ಲಿ 1.087 ಕಿಲೋ ಆಗುತ್ತದೆ. ಅಷ್ಟು ‘ಕಿಲೋ’ಗಳಿಗೂ 140ರಂತೆ ಹಣ ತೆರಬೇಕಾಗುತ್ತದೆ.

ನಷ್ಟವೆಷ್ಟೆಂಬ ಪ್ರಶ್ನೆಗೆ ಎರಡು ಉತ್ತರಗಳಿರುವುದೂ, ಅವೆರಡೂ ತಮ್ಮ ತಮ್ಮ ಸ್ಥಾನದಲ್ಲಿ ಸರಿಯಾಗಿರುವುದೂ ಇಲ್ಲಿಯ ಸ್ವಾರಸ್ಯ. ಗೃಹಿಣಿಯೊಬ್ಬಳು ತಿಂಗಳ ಸಾಮಾನಿನಲ್ಲಿ ಐದು ಕಿಲೋ ಬೇಳೆ ತರಿಸಿ 700 ರೂಪಾಯಿ ಕೊಟ್ಟಳೆನ್ನಿ. ಮನೆಗೆ ಬಂದದ್ದು ನಾಲ್ಕು ಕಿಲೋ 600 ಗ್ರಾಂ. ಆಕೆ ಚೀಟಿಯನ್ನು ಹಿಡಿದುಕೊಂಡು ಹೋಗಿ, “ನೀವು ಕೊಟ್ಟಷ್ಟಕ್ಕೆ ಮಾತ್ರ ದುಡ್ಡು ತಗೊಂಡು ಮಿಕ್ಕಿದ್ದು ವಾಪಸು ಕೊಡಿ” ಎಂದು ಕೇಳಿದರೆ, 4.6 ಕಿಲೋವಿಗೆ 140ರಂತೆ 644 ರೂಪಾಯಿ ಮುರಿದುಕೊಂಡು 56 ರೂಪಾಯಿ ಹಿಂದಿರುಗಿಸುವುದು ನ್ಯಾಯ. ಅದು 700ಕ್ಕೆ ಸರಿಯಾಗಿ ನೂರಕ್ಕೆ ಎಂಟು. ಆದರೆ ಹಣ ಹಿಂದಕ್ಕೆ ಬಾರದೆ, ಸಂಸಾರಕ್ಕೆ ಐದು ಕಿಲೋ ಬೇಕೇಬೇಕಾಗಿ, ಕೊರತೆ ಬಿದ್ದಷ್ಟನ್ನು ಅದೇ ಅಂಗಡಿಯಿಂದ ಅದೇ ತಕ್ಕಡಿಯಲ್ಲಿ ತೂಗಿಸಿ ತರಬೇಕಾಗಿ ಬಂದರೆ, 400 ಗ್ರಾಂ ನಿಜವಾಗಿ ದೊರೆಯಬೇಕಾದಲ್ಲಿ ಸುಮಾರು 435 ಗ್ರಾಂ ಎಂದು ಹೇಳಿ ತೂಗಿಸಬೇಕಾಗುತ್ತದೆ. ಅದರ ಬೆಲೆ 60 ರೂಪಾಯಿ 87 ಪೈಸೆ. ಮೊದಲನೆಯದಕ್ಕಿಂತ ಇದು ಹೆಚ್ಚಾದದ್ದೇಕೆಂದರೆ, ಕೊರತೆಯನ್ನು ತುಂಬಲು ತಂದ ಬೇಳೆಯಲ್ಲಿಯೂ ಕೊರತೆಯುಂಟು, ಆ ಕೊರತೆಯನ್ನು ತುಂಬಲು ಮತ್ತಷ್ಟು ಬೇಕು. ಪರಿಹಾರ ಕೇಳುವವರು 56ನ್ನು ಕೇಳಬೇಕು. ತಿಂಗಳ ಖರ್ಚಿನ ಅಂದಾಜು ಬರೆಯುವವರು 60 ರೂಪಾಯಿ 87 ಪೈಸೆಯನ್ನು ಬರೆಯಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಜಗಳವಾಡಿದರೆ ಅಂಗಡಿಯವನು ಲೆಕ್ಕದಲ್ಲಿ ತಪ್ಪು ಹಿಡಿದು ಮೂಲ ವಿಷಯವನ್ನೇ ಮರೆಸಿಬಿಡುವ ಸಂಭವವುಂಟು.

ಈ ಎರಡು ಉತ್ತರಗಳ ನಡುವಣ ಅಂತರ ಸಣ್ಣ ಕೊರತೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕೊರತೆ ಬೆಳೆದಂತೆಲ್ಲ ಅದು ಅತಿವೇಗವಾಗಿ ಬೆಳೆಯುತ್ತದೆ. ಕಿಲೋವಿಗೆ 50 ಗ್ರಾಂ ಕಡಿಮೆಯಾದರೆ ದರ ಏರುವುದು ನೂರಕ್ಕೆ ಐದೂಕಾಲರಷ್ಟು, ನೂರು ಗ್ರಾಂ ಕಡಿಮೆಯಾದರೆ ಹನ್ನೊಂದಕ್ಕೂ ಸ್ವಲ್ಪ ಮೇಲೆ. ಆದರೆ 200 ಗ್ರಾಮಿಗೆ ಅದು 25, ಕಾಲು ಕಿಲೋವಿಗೆ ಮೂವತ್ತಮೂರಕ್ಕೂ ಮಿಗಿಲು. ಅರ್ಧಕ್ಕರ್ಧ ನುಂಗಿದರೆ ದರ ಇಮ್ಮಡಿಯಾಗುತ್ತದೆಂಬುದನ್ನು ಮಕ್ಕಳೂ ಬಲ್ಲರು. ಐವತ್ತು ಮುಗಿದು ನೂರಾಗುವ ಈ ಕೊನೆಯ ಉದಾಹರಣೆಯಲ್ಲಿ ಸ್ಪಷ್ಟವಾಗಿ ಕಾಣುವ ನಿಯಮವೇ ಎಂಟು ಹೋಗಿ 8.7 ಆಗುವಲ್ಲಿಯೂ ಕೆಲಸ ಮಾಡುತ್ತಿದೆ. ಅಲ್ಲಿ ಅದು ಪೈಸೆಗಳ ಮರೆಯಲ್ಲಿ ಅಡಗಿಕೊಂಡಿದೆ, ಅಷ್ಟೆ.

ಇನ್ನು ಆ ಎರಡು ಅಂಗಡಿಗಳ ವಿಚಾರಕ್ಕೆ ಬರೋಣ. ಎಷ್ಟು ಗ್ರಾಂ ಕಡಿಮೆಯಾದಾಗ 140ರ ಅಂಗಡಿ 150ರ ಅಂಗಡಿಗೆ ಸಮನಾಗುತ್ತದೆ? 140ನ್ನು 150ರಿಂದ ಭಾಗಿಸಿದರೆ 0.9333 ಬರುತ್ತದೆ, ಎಂದರೆ 933 ಗ್ರಾಮಿನಷ್ಟು ಕೊಟ್ಟರೆ ಇಬ್ಬರೂ ಸಮ, 67 ಗ್ರಾಮಿಗಿಂತ ಹೆಚ್ಚು ಕದ್ದರೆ ಅಗ್ಗದವನೇ ದುಬಾರಿ, ಅದಕ್ಕಿಂತ ಕಡಿಮೆ ಕದ್ದರೆ, ಕಳ್ಳನಾದರೂ ಅವನೇ ಅಗ್ಗ. ಈ 933 ಎಂಬ ಅಂಕೆ ಹಿರಿಯರ ಕಿವಿಗೆ ಪರಿಚಿತವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. 80 ತೊಲದ ಪಕ್ಕಾ ಸೇರು ಮೆಟ್ರಿಕ್ ಪದ್ಧತಿಯಲ್ಲಿ 933 ಗ್ರಾಮೇ ಆಗಿತ್ತು. 1956ರ ಕಾಯಿದೆಯಂತೆ 1958ರ ಅಕ್ಟೋಬರ್ 1ರಿಂದ ದೇಶದ ಆಯ್ದ ಪ್ರದೇಶಗಳಲ್ಲಿ ಕಿಲೋ ತೂಕ ಆಚರಣೆಗೆ ಬಂದಾಗ, ಸೇರಿನ ಬಟ್ಟನ್ನೇ ತಕ್ಕಡಿಯಲ್ಲಿಟ್ಟು ಕಿಲೋವಿನ ದರವನ್ನು ಯಾವನಾದರೊಬ್ಬ ವರ್ತಕ ವಸೂಲು ಮಾಡಿದ್ದರೆ, ಅವನು ತನ್ನ ದರವನ್ನು ನೂರಕ್ಕೆ ಏಳರಷ್ಟು ಏರಿಸಿದಂತೆಯೇ ಸರಿ. ಅವನ ಬಟ್ಟಿನಲ್ಲಿ ತಪ್ಪಿಲ್ಲ, ತಕ್ಕಡಿಯಲ್ಲಿ ತಪ್ಪಿಲ್ಲ, ತಪ್ಪಿರುವುದು ಅವೆರಡನ್ನು ದರದೊಡನೆ ಕೂಡಿಸಿದ ರೀತಿಯಲ್ಲಿ.

ಇಲ್ಲಿಯವರೆಗೆ ‘ಕಿಲೋವಿಗೆ 80 ಗ್ರಾಂ ಕಡಿಮೆ’ ಎಂಬ ಮಾತಿಗೆ ಒಂದೇ ಅರ್ಥವಿದೆಯೆಂದು ಭಾವಿಸಿಕೊಂಡು ಬಂದೆವು. ವಸ್ತುತಃ ಅದಕ್ಕೆ ಎರಡು ಅರ್ಥಗಳುಂಟು. ಆ 80 ಗ್ರಾಂ ನಮಗೆ ತಿಳಿದುಬಂದದ್ದು ಹೇಗೆ ಎಂಬುದರ ಮೇಲೆ ಲೆಕ್ಕದ ದಾರಿಯೇ ಬೇರೆಯಾಗುತ್ತದೆ. ಅಂಗಡಿಯಿಂದ ಒಂದು ಕಿಲೋ ಎಂದು ತಂದದ್ದನ್ನು ಸರಿಯಾದ ತಕ್ಕಡಿಯಲ್ಲಿಟ್ಟಾಗ 920 ಗ್ರಾಂ ಕಂಡಿತೆಂದರೆ ಭಾಗಾಕಾರ. ಇದು ಈವರೆಗೆ ಮಾಡಿದ್ದು. ಆದರೆ ಗಿರಾಕಿಯು ಜಾಣನಾಗಿ, ನಿಜವಾದ ಒಂದು ಕಿಲೋ ಎಂದು ಗೊತ್ತಿರುವ ಪದಾರ್ಥವನ್ನೇ ಕೊಂಡೊಯ್ದು ಅಂಗಡಿಯವನ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟನೆನ್ನಿ. ಅದು 1 ಕಿಲೋ 80 ಗ್ರಾಂ ಎಂದು ತೋರಿಸಿತು. ಕೊರತೆ ಇಲ್ಲಿಯೂ ಎಂಬತ್ತೇ. ಆದರೂ ಈ ತಕ್ಕಡಿಯಲ್ಲಿ ನಿಜವಾದ ಒಂದು ಕಿಲೋ ಬೇಳೆಗೆ 1.08 ಕಿಲೋವಿನ ಹಣ ತೆರಬೇಕಾಗುವುದರಿಂದ, 140ನ್ನು 1.08ರಿಂದ ಗುಣಿಸಿದರೆ ಸಾಕು. ಬರುವುದು 151 ರೂಪಾಯಿ 20 ಪೈಸೆ. ಸ್ವಲ್ಪ ಹಿಂದೆ ನಾವು ತಪ್ಪೆಂದು ತಳ್ಳಿಹಾಕಿದ ಉತ್ತರವೇ ಇದು! ಬಾಯಿಲೆಕ್ಕದವರು ಪೂರ್ತಿಯಾಗಿ ತಪ್ಪಿದ್ದರೆನ್ನುವಂತಿಲ್ಲ. ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರವನ್ನು ತಂದಿದ್ದರು. ಈ ಎರಡನೆಯ ತಕ್ಕಡಿಯಲ್ಲಿ ಒಂದು ಕಿಲೋ ಎಂದು ತೂಗಿದಾಗ ನಿಜವಾಗಿ ಸಿಗುವುದು 926 ಗ್ರಾಂ, 920 ಅಲ್ಲ.

ಗೊತ್ತಿರುವ ಪದಾರ್ಥವೆಂದರೆ ಯಾವುದು ಎಂದು ಕೇಳಬಹುದು. ಒಂದು ಕಿಲೋ ಉಪ್ಪಿನ ಮೊಹರಾದ ಪೊಟ್ಟಣ ಅದೇ ಅಂಗಡಿಯಲ್ಲಿಯೇ ಇರುತ್ತದೆ. ಅದನ್ನು ತೆಗೆದುಕೊಂಡು, “ಸ್ವಾಮಿ, ಇದನ್ನ ಒಂದ್ಸಲ ಇಟ್ಟು ತೋರಿಸಿ” ಎಂದರೆ ಅವನು ಬೇಡವೆನ್ನಲಾರ. ಹೊದಿಕೆಯ ಕೆಲವು ಗ್ರಾಂ ಸೇರಿ ತಕ್ಕಡಿ ಸಾವಿರಕ್ಕಿಂತ ತುಸು ಮೇಲೆ ತೋರಿಸಬೇಕು. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಾದರೆ, ಹಾಲು ನೀರಿಗಿಂತ ತುಸು ಭಾರವಾದ್ದರಿಂದ, 515 ಗ್ರಾಮಿನ ಆಸುಪಾಸು ಬರಬೇಕು. ಆದರೆ ಇವನ್ನು ಸಾಕ್ಷಿಯಾಗಿ ಎಷ್ಟು ದೂರ ನಂಬಬಹುದೆಂಬುದಕ್ಕೆ ಒಂದು ಮಿತಿಯುಂಟು: ಪೊಟ್ಟಣ ಕಟ್ಟುವವರಿಗೂ ಒಂದು ಕಿಲೋವಿನಲ್ಲಿ 15 ಗ್ರಾಮಿನವರೆಗೆ ಹೆಚ್ಚುಕಡಿಮೆಯಾಗಲು ನಿಯಮ ಅವಕಾಶ ಕೊಟ್ಟಿದೆ. ಹತ್ತು ಹದಿನೈದು ಗ್ರಾಮಿನ ವ್ಯತ್ಯಾಸ ಕಂಡರೆ ತಪ್ಪು ತಕ್ಕಡಿಯದೋ ಪೊಟ್ಟಣದ್ದೋ ಹೇಳಬರುವುದಿಲ್ಲ. ಎಂಬತ್ತು ಕಂಡರೆ ಹೇಳಬಹುದು.

ಮತ್ತೊಂದು ತೊಡಕು ಇದಕ್ಕಿಂತಲೂ ಗಹನವಾದದ್ದು. ಕೊರತೆ ಕಿಲೋವಿಗಿಷ್ಟು ಎಂಬಂತೆ ಇದೆಯೋ, ಅಥವಾ ಪ್ರತಿ ತೂಕಕ್ಕಿಷ್ಟು ಎಂಬಂತೆ ಇದೆಯೋ? ಬಟ್ಟು ಸವೆದಿದ್ದರೆ, ತುಲಾದಂಡದ ಎರಡು ತೋಳುಗಳು ಒಂದೇ ಉದ್ದವಾಗಿಲ್ಲದಿದ್ದರೆ, ಅಥವಾ ಎಲೆಕ್ಟ್ರಾನಿಕ್ ತಕ್ಕಡಿಯ ಮೂಲ ಹೊಂದಾಣಿಕೆಯನ್ನೇ ಕೆಡಿಸಿದ್ದರೆ ಕೊರತೆ ಸಾಮಾನ್ಯವಾಗಿ ತೂಕದೊಡನೆ ಬೆಳೆಯುತ್ತದೆ. ಅರ್ಧ ಕಿಲೋ ಕೊಂಡರೂ ಹತ್ತು ಕಿಲೋ ಕೊಂಡರೂ ನಿಜದರ ಒಂದೇ. ತಟ್ಟೆಯ ಕೆಳಗೆ ಏನನ್ನಾದರೂ ಅಂಟಿಸಿದ್ದರೆ ಅಥವಾ ಸರಕಿನೊಡನೆ ಡಬ್ಬಿಯನ್ನೂ ಸೇರಿಸಿ ತೂಗಿದರೆ ಹಾಗಲ್ಲ. ಮಿಠಾಯಿ ಅಂಗಡಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ, ಒಳಗೆ ಎಣ್ಣೆಕಾಗದ ಹಾಸಿ, ತಕ್ಕಡಿಯ ಮೇಲಿಟ್ಟು, ಅಂಕೆಗಳನ್ನು ಸೊನ್ನೆಗೆ ತರುವ ಗುಂಡಿಯನ್ನು ಒತ್ತದೆಯೇ, ಮೈಸೂರುಪಾಕಿನ ಬಿಲ್ಲೆಗಳನ್ನು ಒಂದೊಂದಾಗಿ ಜೋಡಿಸುತ್ತ ಅಂಕೆ 250ಕ್ಕೆ ಬಂದೊಡನೆ ಕೈ ತಡೆಯುತ್ತಾನೆ. ಪೆಟ್ಟಿಗೆ 60 ಗ್ರಾಂ ಇದೆಯೆನ್ನಿ, ಮೈಸೂರುಪಾಕಿಗೆ ಕಿಲೋವಿಗೆ 600 ರೂಪಾಯಿಯೆನ್ನಿ. ಕಾಲು ಕಿಲೋ ಕೊಂಡವನು 150 ರೂಪಾಯಿ ತೆತ್ತು 190 ಗ್ರಾಂ ಪಡೆಯುತ್ತಾನೆ. ಅವನ ಪಾಲಿಗೆ ಕಿಲೋವಿಗೆ 789 ರೂಪಾಯಿಯಾಯಿತು. ಅದೇ ಪೆಟ್ಟಿಗೆಯಲ್ಲಿ ಅರ್ಧ ಕಿಲೋ ಕೊಂಡವನಿಗೆ 682. ಒಂದು ಕಿಲೋ ತುಂಬಿಸಿದವನಿಗೆ 638. ಕಡಿಮೆ ಕೊಳ್ಳುವವನೇ, ಎಂದರೆ ಬಹುಮಟ್ಟಿಗೆ ಕೈಯಲ್ಲಿ ಕಾಸು ಕಡಿಮೆಯಿರುವವನೇ, ಹೆಚ್ಚಿನ ದರ ತೆರುವ ಈ ವ್ಯವಸ್ಥೆಗೆ ಅಂಗಡಿಯವನ ದುರ್ಬುದ್ಧಿಗಿಂತ ಅವನ ಅಭ್ಯಾಸಬಲವೇ ಹೆಚ್ಚು ಕಾರಣವಾಗಿರಬಹುದು. ಲೆಕ್ಕಕ್ಕೆ ಅದರಿಂದ ಭೇದವಿಲ್ಲ. ಎರಡು ಬಗೆಯ ಕೊರತೆಗಳಲ್ಲಿ ಯಾವುದೆಂದು ತಿಳಿಯಬೇಕಾದರೆ ಎರಡು ಬೇರೆ ಬೇರೆ ತೂಕಗಳನ್ನು ಪರೀಕ್ಷಿಸಬೇಕು. ಅರ್ಧ ಕಿಲೋವಿನಲ್ಲಿ 40 ಗ್ರಾಂ, ಒಂದು ಕಿಲೋವಿನಲ್ಲಿ 80 ಗ್ರಾಂ ಕಡಿಮೆಯಾದರೆ ಮೊದಲನೆಯ ಬಗೆ. ಎರಡರಲ್ಲಿಯೂ 80ರಂತೆ ಕಡಿಮೆಯಾದರೆ ಎರಡನೆಯದು, ಆಗ ಒಮ್ಮೆಗೇ ಹೆಚ್ಚು ತೂಗಿಸಿಕೊಳ್ಳುವುದು ಲಾಭ.

ತೋಳು ಅಸಮವಾದ ಹಳೆಯ ತಕ್ಕಡಿಯ ವಿಷಯದಲ್ಲಿ ಗಿರಾಕಿಗೆ ಅನುಕೂಲವಾದ ಒಂದು ವಿನೋದವುಂಟು. ಒಂದು ತಟ್ಟೆಯಲ್ಲಿ ಸರಕನ್ನಿಟ್ಟರೆ ಕಿಲೋವಿಗೆ 920 ಗ್ರಾಂ ಕೊಡುವ ತಕ್ಕಡಿ, ಬಟ್ಟನ್ನೂ ಸರಕನ್ನೂ ಅದಲುಬದಲು ಮಾಡಿದರೆ 1087 ಗ್ರಾಂ ಕೊಡುತ್ತದೆ. “ಅರ್ಧ ಈ ತಟ್ಟೇಲಿ, ಇನ್ನರ್ಧ ಆ ತಟ್ಟೇಲಿ ತೂಗಿಕೊಡಿ” ಎಂದು ಕೇಳಿದರೆ ಕೈಗೆ ಬರುವುದು 460 ಮತ್ತು 543 ಸೇರಿ ಸುಮಾರು ಮೂರು ಗ್ರಾಂ ಹೆಚ್ಚಾದ ಒಂದು ಕಿಲೋ. ತೋಳುಗಳು ಎಷ್ಟೇ ಅಸಮವಾಗಿರಲಿ, ಈ ಕ್ರಮದಲ್ಲಿ ಗಿರಾಕಿ ಎಂದೂ ಸೋಲುವುದಿಲ್ಲ.

ಕೊಸರಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ತೂಕ ಮುಗಿದ ಮೇಲೆ ನಗುಮುಖದಿಂದ ಒಂದು ಹಿಡಿಯಷ್ಟನ್ನು ಮೇಲೆ ಸುರಿಯುವ ಅಂಗಡಿಯವನ ಔದಾರ್ಯವನ್ನು ನಾವು ಮನಸಾರೆ ಮೆಚ್ಚುತ್ತೇವೆ. 20 ಗ್ರಾಂ ಕೊಸರು ಬಿದ್ದರೆ ತನಗೆ ದರ 137 ರೂಪಾಯಿ ಚಿಲ್ಲರೆಗೆ ಇಳಿಯಿತೆಂದು ಗಿರಾಕಿ ಎಣಿಸುತ್ತಾನೆ. 920ರ ಮೇಲೆ 20 ಬಿದ್ದು 940 ಆದಾಗ ಅವನು ತೆತ್ತ ನಿಜದರ 148 ರೂಪಾಯಿ 94 ಪೈಸೆ. ಎದುರಿನ ಅಂಗಡಿಯ 150ಕ್ಕಿಂತ ಇದು ಒಂದು ರೂಪಾಯಿ ಕಡಿಮೆಯೇ ಆಯಿತೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಹಾಗಾದರೆ ಪ್ರಾಮಾಣಿಕ ತಕ್ಕಡಿಯೊಂದು ಎಷ್ಟರಮಟ್ಟಿಗೆ ತಪ್ಪಬಹುದು? ಐದೈದು ಗ್ರಾಮಿನಂತೆ ಅಂಕೆ ಬದಲಾಗುವ ಅಂಗಡಿ ತಕ್ಕಡಿಗೆ, ಒಂದು ಕಿಲೋ ತೂಗುವಾಗ, ಮುದ್ರೆ ಹಾಕುವ ಸಮಯದಲ್ಲಿ ಎರಡೂವರೆ ಗ್ರಾಂ, ಬಳಕೆಯಲ್ಲಿರುವಾಗ ಅದರ ಎರಡರಷ್ಟು, ಎಂದರೆ ಐದು ಗ್ರಾಂ ಏರುಪೇರು ಮಾತ್ರ ನಿಯಮಕ್ಕೆ ಒಪ್ಪಿತ. ಐದೂ ಗ್ರಾಂ ಕಡಿಮೆಯಾದರೂ ನಮ್ಮ ಬೇಳೆ 140 ರೂಪಾಯಿ 70 ಪೈಸೆಯಾದೀತು. ಎಂಬತ್ತು ಗ್ರಾಂ ಇದರ ಹದಿನಾರು ಪಟ್ಟು. ಅದನ್ನು ತಕ್ಕಡಿಯ ಸಹಜ ದೋಷವೆಂದು ಯಾರೂ ಸಮರ್ಥಿಸಲಾರರು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯವರ ಪರೀಕ್ಷೆಯೂ ಮುದ್ರೆಯೂ ಆಗಬೇಕು. ಸೀಸದ ಮೊಹರಿನ ಮೇಲೆ ವರ್ಷವನ್ನೂ, ವರ್ಷದ ಯಾವ ಮೂರು ತಿಂಗಳೆಂಬುದಕ್ಕೆ ಒಂದು ಅಕ್ಷರವನ್ನೂ ಒತ್ತಿರುತ್ತಾರೆ. (ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಮುದ್ರೆ ನಾಲ್ಕು ತಿಂಗಳಿಗೊಮ್ಮೆ; ಬಟ್ಟುಗಳು ಕಬ್ಬಿಣದವಾಗಿರಬೇಕು, ಇಲ್ಲವೇ ಮಗಧ ಮತ್ತು ಮೇಕಲದ ಕಲ್ಲಿನವು, ನೀರು ಹೀರಿ ಭಾರವಾಗದಂಥವು, ಕಾವಿಗೆ ಕುಗ್ಗದಂಥವು. ನಮ್ಮವರಿಗಿಂತ ಅವನು ಸಂದೇಹಜೀವಿಯಾಗಿದ್ದನೆಂದು ಕಾಣುತ್ತದೆ.) ದೂರು ಕೊಡುವವರು ‘ತೂಕದಲ್ಲಿ ಮೋಸ’ ಎಂದಷ್ಟೇ ಬರೆಯದೆ, ಎಷ್ಟು ಕೇಳಿದಾಗ ಎಷ್ಟು ದೊರೆಯಿತು, ಅಥವಾ ಎಷ್ಟಿಟ್ಟಾಗ ಎಷ್ಟು ತೋರಿಸಿತು ಎಂಬುದನ್ನು ಬಿಡಿಸಿ ಬರೆದರೆ ಪರೀಕ್ಷಿಸುವವರಿಗೆ ಅರ್ಧ ಕೆಲಸ ಮುಗಿದಂತೆ.

ಬೇಳೆಗೆ ಲೆಕ್ಕಕ್ಕಿಲ್ಲದ ಆ ಐದು ಗ್ರಾಂ ಏಲಕ್ಕಿಗೆ ಲೆಕ್ಕಕ್ಕುಂಟು. ಅಂಥ ತಕ್ಕಡಿಯ ಫಲಕದ ಮೇಲೆಯೇ ಅದರಲ್ಲಿ ತೂಗಬಹುದಾದ ಕನಿಷ್ಠ ಭಾರ ನೂರು ಗ್ರಾಂ ಎಂದು ಬರೆದಿರುತ್ತದೆ, ಅದನ್ನು ಓದುವವರಿಲ್ಲ. ಕಿಲೋವಿಗೆ 3000 ರೂಪಾಯಿಯ ಏಲಕ್ಕಿಯನ್ನು 50 ಗ್ರಾಂ ತೂಗಿಸಿ 150 ರೂಪಾಯಿ ಕೊಟ್ಟಾಗ ಬಂದದ್ದು 45 ಗ್ರಾಮಾದರೆ, ದರ 3333 ರೂಪಾಯಿಯಾಯಿತು. ಬೇಳೆಯಂಗಡಿಯವನ ಎಂಬತ್ತು ಗ್ರಾಂ ಮಾಡಿದ್ದಕ್ಕಿಂತ ಹೆಚ್ಚಿನ ಏರಿಕೆ ಇದು, ಅದೂ ಯಾವ ವಂಚನೆಯೂ ಇಲ್ಲದೆ. ಏಲಕ್ಕಿ, ಲವಂಗ, ಗಸಗಸೆಗಳನ್ನು ಒಂದೊಂದು ಗ್ರಾಮಿನಂತೆ ಅಂಕೆ ತೋರಿಸುವ ಸಣ್ಣ ತಕ್ಕಡಿಯಲ್ಲಿಯೇ ತೂಗಿಸಿಕೊಳ್ಳಬೇಕು. ಅಂಥದು ಆ ಅಂಗಡಿಯಲ್ಲಿ ಇಲ್ಲದಿದ್ದರೆ ನೂರು ಗ್ರಾಮಿಗಿಂತ ಕಡಿಮೆ ಕೊಳ್ಳದಿರುವುದು ಮೇಲು.